ಡಿ-ಡೈಮರ್‌ಗೂ ಮೊದಲಿನ ಲೆಕ್ಕ

ಕೋವಿಡ್ ಕಾಲದಲ್ಲಿ ಮನೆಮಾತಾದ ವೈದ್ಯಕೀಯ ಪದಗಳಲ್ಲಿ ಡಿ-ಡೈಮರ್ ಕೂಡ ಒಂದು. 2020 ಮತ್ತು 2021ರಲ್ಲಿ ಎಷ್ಟೋ ಮನೆಗಳಲ್ಲಿ ಆ ಸಂಖ್ಯೆ ಏರಿತೋ ಇಳಿಯಿತೋ ಎಂದು ದಿನವೂ ವಿಚಾರಿಸುತ್ತಿದ್ದರು. ಆ ಕಾಲ ಕಳೆದರೂ ಪರೀಕ್ಷೆ ಉಳಿದುಕೊಂಡಿದೆ. ಎದೆನೋವು, ಉಬ್ಬಸ, ಸುಸ್ತು ಎಂದು ಆಸ್ಪತ್ರೆಗೆ ಹೋದವರ ರಿಪೋರ್ಟಿನಲ್ಲಿ ಅದರ ಎದುರು ದಪ್ಪಕ್ಷರದಲ್ಲಿ ‘ಹೆಚ್ಚು’ ಎಂದು ಮುದ್ರಿತವಾಗಿದ್ದರೆ ಮನೆಯವರಿಗೆ ರಾತ್ರಿ ನಿದ್ದೆ ಹತ್ತುವುದಿಲ್ಲ. ಆದರೆ ಈ ಪರೀಕ್ಷೆಗೆ ಒಂದು ನಿರ್ದಿಷ್ಟ ಕೆಲಸವಿದೆ, ಮತ್ತು ಆ ಕೆಲಸವನ್ನು ಅದು ಸರಿಯಾಗಿ ಮಾಡಬೇಕಾದರೆ ರಕ್ತ ತೆಗೆಯುವ ಮೊದಲೇ ಇನ್ನೊಂದು ಲೆಕ್ಕ ಮುಗಿದಿರಬೇಕು. ಪಲ್ಮನರಿ ಎಂಬಾಲಿಸಂ ಎಂಬ ಕಾಯಿಲೆಯನ್ನು ಹುಡುಕುವ ಬಗೆಯಲ್ಲಿ ಇದು ಬಹಳ ಸ್ಪಷ್ಟವಾಗಿ ಕಾಣುತ್ತದೆ.

ಕಾಯಿಲೆ ಇಷ್ಟು: ಸಾಮಾನ್ಯವಾಗಿ ಕಾಲಿನ ಆಳದ ಅಭಿಧಮನಿಗಳಲ್ಲಿ, ಅಂದರೆ ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳಗಳಲ್ಲಿ, ರಕ್ತ ಹೆಪ್ಪುಗಟ್ಟುತ್ತದೆ. ಆ ಹೆಪ್ಪಿನ ತುಂಡೊಂದು ಕಳಚಿ, ಹೃದಯದ ಬಲಭಾಗವನ್ನು ದಾಟಿ, ಶ್ವಾಸಕೋಶಕ್ಕೆ ಹೋಗುವ ಅಪಧಮನಿಯಲ್ಲಿ ಸಿಕ್ಕಿಕೊಳ್ಳುತ್ತದೆ. ತುಂಡು ದೊಡ್ಡದಾಗಿದ್ದರೆ ಹೃದಯದ ಬಲಗೋಣೆ ಆ ತಡೆಗೆ ಎದುರಾಗಿ ರಕ್ತ ತಳ್ಳಲಾರದೆ ಸೋಲುತ್ತದೆ. ರೋಗಿ ಕೆಲವೇ ನಿಮಿಷಗಳಲ್ಲಿ ಸಾಯಬಹುದು. ಚಿಕ್ಕದಾಗಿದ್ದರೆ ಉಸಿರೆಳೆದಾಗ ಪಕ್ಕೆ ಚುಚ್ಚಿದಂತಾಗಬಹುದು, ಮೆಟ್ಟಿಲು ಹತ್ತುವಾಗ ಏದುಸಿರು ಬರಬಹುದು, ಅಥವಾ ನಾಡಿ ಮಾತ್ರ ವೇಗವಾಗಿ ಹೊಡೆದುಕೊಳ್ಳಬಹುದು.

ತೊಡಕು ಇಲ್ಲಿಯೇ ಇದೆ. ಈ ಲಕ್ಷಣಗಳಲ್ಲಿ ಒಂದೂ ಈ ಕಾಯಿಲೆಗೆ ಮಾತ್ರ ಸೇರಿದ್ದಲ್ಲ. ನ್ಯುಮೋನಿಯಾ, ಆಸ್ತಮಾ, ಹೃದಯ ವೈಫಲ್ಯ, ಪಕ್ಕೆಲುಬಿನ ಸ್ನಾಯುನೋವು, ಕೆಲವೊಮ್ಮೆ ಬರೀ ಗಾಬರಿಯೂ ಇದೇ ವೇಷದಲ್ಲಿ ಬರುತ್ತವೆ. ಎಕ್ಸ್‌ರೇ ಎಷ್ಟೋ ಸಲ ಹೆಚ್ಚೇನನ್ನೂ ತೋರಿಸುವುದಿಲ್ಲ. ಇಸಿಜಿಯಲ್ಲಿ ಬಹುಪಾಲು ಕಾಣುವುದು ವೇಗದ ನಾಡಿಯಷ್ಟೆ. ಇವೆರಡನ್ನು ಮಾಡಿಸುವುದು ಮುಖ್ಯವಾಗಿ ಬೇರೆ ಕಾಯಿಲೆ ಇದೆಯೇ ಎಂದು ನೋಡಲು. ಖಚಿತ ಉತ್ತರ ಕೊಡುವುದು ಕಾಂಟ್ರಾಸ್ಟ್ ಕೊಟ್ಟು ಮಾಡುವ ಶ್ವಾಸಕೋಶದ ಸಿ.ಟಿ. ಆಂಜಿಯೋಗ್ರಾಂ. ಆದರೆ ಉಬ್ಬಸವೆಂದು ಬಂದ ಎಲ್ಲರನ್ನೂ ಸಿ.ಟಿ. ಯಂತ್ರದೊಳಗೆ ಕಳಿಸಿದರೆ ವಿಕಿರಣ, ಅಯೋಡಿನ್ ಕಾಂಟ್ರಾಸ್ಟ್‌ನಿಂದ ಅಲರ್ಜಿ, ಖರ್ಚು ಎಲ್ಲವೂ ಬೆಳೆಯುತ್ತವೆ. ಅದಕ್ಕಿಂತ ದೊಡ್ಡ ತೊಂದರೆ, ಕಾಯಿಲೆಯೇ ಇಲ್ಲದವರ ಮೇಲೆ ಕಾಯಿಲೆಯ ಹಣೆಪಟ್ಟಿ ಬೀಳುವುದು. ಈ ಮಾತಿಗೆ ಮುಂದೆ ಬರುತ್ತೇನೆ.

ಆದ್ದರಿಂದ ಮೊದಲ ಹೆಜ್ಜೆ ಪರೀಕ್ಷೆಯದಲ್ಲ, ಅಂದಾಜಿನದು. ಈ ರೋಗಿಯ ಕಥೆ ಕೇಳಿ, ಮೈ ಮುಟ್ಟಿ ನೋಡಿದ ಮೇಲೆ ಕಾಯಿಲೆ ಇರುವ ಸಂಭವ ಎಷ್ಟು ಎಂಬ ಅಂದಾಜು. ಅನುಭವಿ ವೈದ್ಯರು ಇದನ್ನು ಮನಸ್ಸಿನಲ್ಲೇ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ. ಒಬ್ಬರ ಅಂದಾಜಿಗೂ ಇನ್ನೊಬ್ಬರದಕ್ಕೂ ತಾಳೆಯಾಗಲಿ ಎಂದು ಕೆನಡಾದ ಫಿಲಿಪ್ ವೆಲ್ಸ್ ಮತ್ತು ಸಂಗಡಿಗರು ಅದನ್ನು ಅಂಕಗಳ ಪಟ್ಟಿಯಾಗಿ ರೂಪಿಸಿದರು. ಇಂದು ಕ್ಯಾಶುವಾಲ್ಟಿಗಳಲ್ಲಿ ಬಳಕೆಯಲ್ಲಿರುವ ರೂಪ 2000ದಲ್ಲಿ ಪ್ರಕಟವಾಯಿತು. ಅದರಲ್ಲಿ ಏಳು ಸಂಗತಿಗಳಿವೆ. ಕಾಲು ಊದಿಕೊಂಡು, ಆಳದ ಅಭಿಧಮನಿಯ ದಾರಿಯುದ್ದಕ್ಕೂ ಒತ್ತಿದರೆ ನೋವಿದ್ದರೆ 3 ಅಂಕ. ಬೇರಾವ ಕಾಯಿಲೆಗಿಂತ ಇದರ ಸಂಭವವೇ ಹೆಚ್ಚು ಎಂದು ವೈದ್ಯರಿಗೆ ಅನಿಸಿದರೆ 3. ನಾಡಿ ನಿಮಿಷಕ್ಕೆ 100 ಮೀರಿದ್ದರೆ 1.5. ಮೂರು ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಹಾಸಿಗೆ ಹಿಡಿದಿದ್ದರೆ ಇಲ್ಲವೇ ಹಿಂದಿನ ನಾಲ್ಕು ವಾರಗಳಲ್ಲಿ ಆಪರೇಷನ್ ಆಗಿದ್ದರೆ 1.5. ಹಿಂದೆ ಇದೇ ಕಾಯಿಲೆ ಅಥವಾ ಕಾಲಿನ ಹೆಪ್ಪು ಬಂದಿದ್ದರೆ 1.5. ಕಫದಲ್ಲಿ ರಕ್ತಕ್ಕೆ 1, ಕ್ಯಾನ್ಸರ್‌ಗೆ 1. ಒಟ್ಟು ಮೊತ್ತ 4 ಅಥವಾ ಅದಕ್ಕಿಂತ ಕಡಿಮೆಯಾದರೆ ಸಂಭವ ಕಡಿಮೆ, 4 ದಾಟಿದರೆ ಸಂಭವ ಹೆಚ್ಚು.

ಎರಡನೆಯ ಹೆಜ್ಜೆಯಲ್ಲಿ ಡಿ-ಡೈಮರ್ ಬರುತ್ತದೆ. ರಕ್ತ ಹೆಪ್ಪುಗಟ್ಟುವಾಗ ಫೈಬ್ರಿನ್ ಎಂಬ ಪ್ರೋಟೀನಿನ ಎಳೆಗಳು ಹೆಣೆದುಕೊಳ್ಳುತ್ತವೆ. ದೇಹ ಆ ಹೆಪ್ಪನ್ನು ಕರಗಿಸಲು ತೊಡಗಿದಾಗ ಎಳೆಗಳು ತುಂಡಾಗುತ್ತವೆ, ಆ ತುಂಡುಗಳಲ್ಲಿ ಒಂದು ಡಿ-ಡೈಮರ್. ಬಡಗಿಯ ಅಂಗಳದಲ್ಲಿ ಮರದ ಹೊಟ್ಟು ಬಿದ್ದಿದ್ದರೆ ಎಲ್ಲೋ ಗರಗಸ ಆಡಿದೆ ಎಂದು ತಿಳಿಯುತ್ತದೆ, ಯಾವ ಮರ ಕೊಯ್ದರೆಂದು ತಿಳಿಯುವುದಿಲ್ಲ. ಇದೂ ಹಾಗೆಯೇ. ಆಪರೇಷನ್, ಸೋಂಕು, ಗರ್ಭ, ಕ್ಯಾನ್ಸರ್, ಮೂಳೆಮುರಿತ, ವಯಸ್ಸು ಯಾವುದರಿಂದಲಾದರೂ ಡಿ-ಡೈಮರ್ ಏರುತ್ತದೆ. ಅದು ಏರಿದೆ ಎಂಬ ಮಾತಿನಿಂದ ಹೆಚ್ಚೇನೂ ಸಾಬೀತಾಗುವುದಿಲ್ಲ. ಏರಿಲ್ಲ ಎಂಬ ಮಾತಿಗೆ ಮಾತ್ರ ಬೆಲೆಯಿದೆ, ಅದೂ ಎಲ್ಲರ ವಿಷಯದಲ್ಲಿ ಅಲ್ಲ.

ಯಾಕೆಂದು ನೋಡಲು ಒಂದು ಲೆಕ್ಕ ಹಾಕೋಣ. ಲೆಕ್ಕ ಸುಲಭವಾಗಲೆಂದು, ಕಾಯಿಲೆ ಇರುವ ನೂರು ಜನರಲ್ಲಿ 97 ಮಂದಿಗೆ ಡಿ-ಡೈಮರ್ ಏರುತ್ತದೆ, ಕಾಯಿಲೆ ಇಲ್ಲದ ನೂರರಲ್ಲಿ 40 ಮಂದಿಗೆ ಮಾತ್ರ ಸಹಜವಾಗಿರುತ್ತದೆ ಎಂದು ಹಿಡಿಯೋಣ. ಸಂಭವ ಶೇಕಡಾ 10 ಇರುವ ಸಾವಿರ ಜನರನ್ನು ತೆಗೆದುಕೊಳ್ಳಿ. ಅವರಲ್ಲಿ 100 ಮಂದಿಗೆ ಕಾಯಿಲೆ ಇದೆ, ಆ ಪೈಕಿ ಮೂವರಿಗೆ ಪರೀಕ್ಷೆ ಸಹಜವೆಂದು ಬರುತ್ತದೆ. ಕಾಯಿಲೆ ಇಲ್ಲದ 900 ಮಂದಿಯಲ್ಲಿ 360 ಜನರಿಗೂ ಸಹಜವೆಂದೇ ಬರುತ್ತದೆ. ಅಂದರೆ ಸಹಜ ಎಂಬ ಚೀಟಿ ಹಿಡಿದು ಮನೆಗೆ ಹೋಗುವ 363 ಜನರಲ್ಲಿ ತಪ್ಪಿಹೋದವರು ಮೂವರು, ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ಯಾವ ವಿಧಾನದಲ್ಲೂ ಒಬ್ಬರೂ ತಪ್ಪಿಹೋಗದಂತೆ ಮಾಡಲಾಗುವುದಿಲ್ಲ. ನೂರಕ್ಕೆ ಎರಡರ ಆಸುಪಾಸಿನವರೆಗೆ ವೈದ್ಯಲೋಕ ಒಪ್ಪಿಕೊಂಡಿದೆ. ಹಾಗಾಗಿ ಈ ಜನರನ್ನು ಸಿ.ಟಿ. ಇಲ್ಲದೆ ಧೈರ್ಯವಾಗಿ ಕಳಿಸಬಹುದು.

ಇನ್ನು ಸಂಭವ ಶೇಕಡಾ 50 ಇರುವ ಸಾವಿರ ಜನ. ಪರೀಕ್ಷೆ ಅದೇ, ಯಂತ್ರ ಅದೇ. ಕಾಯಿಲೆ ಇರುವ 500 ಮಂದಿಯಲ್ಲಿ 15 ಜನರಿಗೆ, ಇಲ್ಲದ 500ರಲ್ಲಿ 200 ಜನರಿಗೆ ಸಹಜವೆಂದು ಬರುತ್ತದೆ. ಆ 215 ಚೀಟಿಗಳಲ್ಲಿ 15 ಸುಳ್ಳು, ಹದಿನಾಲ್ಕರಲ್ಲಿ ಒಂದು. ಮೊದಲ ಗುಂಪಿಗೆ ನೆಮ್ಮದಿ ಕೊಟ್ಟ ಅದೇ ಫಲಿತಾಂಶ ಇಲ್ಲಿ ಅಪಾಯಕಾರಿ. ಸಂಭವ ಹೆಚ್ಚಿರುವವರಿಗೆ ಡಿ-ಡೈಮರ್ ಮಾಡಿಸಲೇಬಾರದು, ನೇರ ಸಿ.ಟಿ.ಗೆ ಕಳಿಸಬೇಕು ಎನ್ನುವುದು ಇದಕ್ಕೇ. ಅವರಲ್ಲಿ ಏರಿದ್ದರೂ ಸಿ.ಟಿ. ಬೇಕು, ಏರದಿದ್ದರೂ ಸಿ.ಟಿ. ಬೇಕು ಎಂದಾದ ಮೇಲೆ ಆ ರಕ್ತ ತೆಗೆದು ಪ್ರಯೋಜನವೇನು?

ಈಗ ಒಬ್ಬ ರೋಗಿಯ ಜೊತೆ ನಡೆಯೋಣ. ಕಲ್ಪನೆಯ ರೋಗಿಯೇ, ಆದರೆ ಇಂಥವರು ಯಾವ ಜಿಲ್ಲಾಸ್ಪತ್ರೆಗೂ ಬರುತ್ತಾರೆ. ವಯಸ್ಸು 72, ಶಿವಮೊಗ್ಗ ಕಡೆಯ ರೈತರು, ಬಹಳ ವರ್ಷ ಬೀಡಿ ಸೇದಿದವರು. ಒಂದು ವಾರದಿಂದ ನೆಗಡಿ, ಕೆಮ್ಮು. ಎರಡು ದಿನದಿಂದ ಜಗಲಿಯ ಮೆಟ್ಟಿಲು ಹತ್ತಿದರೂ ಏದುಸಿರು. ನಾಡಿ 104, ಬೆರಳಿಗೆ ಸಿಕ್ಕಿಸಿದ ಆಕ್ಸಿಮೀಟರಿನಲ್ಲಿ 94.

“ಯಜಮಾನ್ರೇ, ಈಚೆಗೆ ಎಲ್ಲಾದ್ರೂ ಬಿದ್ದು, ಹಾಸಿಗೆ ಹಿಡಿದು ಮಲಗಿದ್ರಾ? ಆಪರೇಷನ್ ಏನಾದ್ರೂ ಆಗಿತ್ತಾ?”

“ಇಲ್ಲ ಡಾಕ್ಟ್ರೇ. ಮೊನ್ನೆವರೆಗೂ ತೋಟಕ್ಕೆ ಹೋಗಿ ಬರ್ತಿದ್ದೆ.”

“ಕಫದಲ್ಲಿ ರಕ್ತ? ಹಿಂದೆ ಯಾವಾಗಲಾದ್ರೂ ಕಾಲು ಊದಿ ಹೆಪ್ಪುಗಟ್ಟಿದೆ ಅಂದಿದ್ರಾ?”

ಎರಡಕ್ಕೂ ಇಲ್ಲವೆಂದೇ ಉತ್ತರ. ಕ್ಯಾನ್ಸರ್ ಇಲ್ಲ. ವೈದ್ಯೆ ಕಣ್ಣಳತೆಯನ್ನು ನಂಬುವುದಿಲ್ಲ. ಮೊಣಕಾಲಿನ ಕೆಳಗೆ ಮುಂದಕ್ಕೆ ಉಬ್ಬಿರುವ ಮೂಳೆಯಿಂದ 10 ಸೆಂಟಿಮೀಟರ್ ಕೆಳಗೆ ಟೇಪು ಸುತ್ತಿ ಎರಡೂ ಮೀನಖಂಡಗಳನ್ನು ಅಳೆಯುತ್ತಾರೆ. ಎರಡರ ನಡುವೆ 3 ಸೆಂಟಿಮೀಟರಿಗಿಂತ ಹೆಚ್ಚು ವ್ಯತ್ಯಾಸವಿದ್ದರೆ ಅನುಮಾನ ಪಡಬೇಕು. ಇಲ್ಲಿ ಎರಡೂ ಒಂದೇ ಅಳತೆ, ಒತ್ತಿದರೆ ನೋವಿಲ್ಲ. ಎದೆಗೆ ಸ್ಟೆತಸ್ಕೋಪ್ ಇಟ್ಟರೆ ಎರಡೂ ಕಡೆ ಸುಯ್‌ಗುಡುವ ಸದ್ದು. ಬೀಡಿಯಿಂದ ಹಾಳಾದ ಶ್ವಾಸನಾಳ ನೆಗಡಿಗೆ ಕೆರಳಿರುವ ಸಾಧ್ಯತೆಯೇ ಹೆಚ್ಚು ಎಂದು ಅವರಿಗೆ ಅನಿಸುತ್ತದೆ. ಹಾಗಾಗಿ ಆ 3 ಅಂಕ ಇಲ್ಲ. ನಾಡಿಯ 1.5 ಮಾತ್ರ ಉಳಿಯುತ್ತದೆ, ಸಂಭವ ಕಡಿಮೆ. ಆದರೂ ನೆಗಡಿಯೊಂದೇ ಇಷ್ಟು ಏದುಸಿರಿಗೆ ಕಾರಣವೇ ಎಂಬ ಸಣ್ಣ ಅನುಮಾನ ಉಳಿದಿದೆ. ಡಿ-ಡೈಮರ್‌ಗೆ ರಕ್ತ ಕೊಡುತ್ತಾರೆ.

ಇಲ್ಲಿ ಒಂದು ನಿಮಿಷ ನಿಲ್ಲಬೇಕು. ವೈದ್ಯೆಯ ಮನಸ್ಸು ಇನ್ನೊಂದು ಕಡೆ ವಾಲಿ ಆ 3 ಅಂಕ ಕೊಟ್ಟಿದ್ದರೆ ಮೊತ್ತ 4.5 ಆಗಿ, ಇದೇ ರೋಗಿ ನೇರ ಸಿ.ಟಿ.ಗೆ ಹೋಗುತ್ತಿದ್ದರು. ವೆಲ್ಸ್ ಪಟ್ಟಿಯ ಮೇಲಿರುವ ಹಳೆಯ ಆಕ್ಷೇಪ ಇದೇ: ಅಳೆಯಬಹುದಾದ ಸಂಗತಿಗಳ ನಡುವೆ ಅನಿಸಿಕೆಯೊಂದನ್ನು ಕೂರಿಸಿ ಅದಕ್ಕೇ ಹೆಚ್ಚು ತೂಕ ಕೊಟ್ಟಿದ್ದಾರೆ ಎಂಬುದು. ಅನಿಸಿಕೆಗೆ ಜಾಗವಿಲ್ಲದ ಜಿನೀವಾ ಪಟ್ಟಿಯೂ ಬಳಕೆಯಲ್ಲಿದೆ. ನನಗೆ ಆ ಅನಿಸಿಕೆ ಪಟ್ಟಿಯಲ್ಲಿ ಇರುವುದೇ ಸರಿ ಎನಿಸುತ್ತದೆ, ಏಕೆಂದರೆ ಬೇರೆ ಕಾಯಿಲೆ ಇರಬಹುದೇ ಎಂದು ಗಂಭೀರವಾಗಿ ಯೋಚಿಸುವಂತೆ ಅದು ಒತ್ತಾಯಿಸುತ್ತದೆ. ಷರತ್ತು ಒಂದೇ. ಅಂಕ ಹಾಕುವುದು ರಕ್ತದ ಫಲಿತಾಂಶ ಕೈಗೆ ಬರುವ ಮುಂಚೆ ಆಗಬೇಕು. ದೊಡ್ಡ ಆಸ್ಪತ್ರೆಗಳಲ್ಲಿ ರೋಗಿ ಒಳಬಂದ ತಕ್ಷಣ ಡಿ-ಡೈಮರ್ ಸೇರಿಸಿ ಹತ್ತು ಪರೀಕ್ಷೆಗಳಿಗೆ ಒಟ್ಟಿಗೇ ರಕ್ತ ಹೋಗಿಬಿಡುತ್ತದೆ. ಏರಿದ ಸಂಖ್ಯೆಯನ್ನು ಕಣ್ಣಾರೆ ಕಂಡ ಮೇಲೆ ಯಾವ ವೈದ್ಯರ ಅಂದಾಜೂ ಮೊದಲಿನಂತಿರುವುದಿಲ್ಲ. ಸಂಖ್ಯೆಗೆ ತಕ್ಕಂತೆ ಅನುಮಾನವೂ ಏರುತ್ತದೆ.

ನಮ್ಮ ರೈತರ ಫಲಿತಾಂಶ ಬಂತು: 640. ಮಾಮೂಲಿ ಗಡಿ 500. ರಿಪೋರ್ಟಿನಲ್ಲಿ ದಪ್ಪಕ್ಷರದ ‘ಹೆಚ್ಚು’ ಇದೆ. ಮಗ ಗಾಬರಿಯಾಗಿದ್ದಾನೆ. ಆದರೆ ವೈದ್ಯೆ 72ನ್ನು 10ರಿಂದ ಗುಣಿಸಿ, ಇವರ ಗಡಿ 720, ಹಾಗಾಗಿ ಇದು ಸಹಜ ಎನ್ನುತ್ತಾರೆ. ಇದು ಅವರ ಸ್ವಂತ ಲೆಕ್ಕವಲ್ಲ. ವಯಸ್ಸಾದಂತೆ ಡಿ-ಡೈಮರ್ ತಾನಾಗಿಯೇ ಏರುವುದರಿಂದ, 500ರ ಗಡಿಯನ್ನೇ ಹಿಡಿದರೆ ವೃದ್ಧರಲ್ಲಿ ಬಹುತೇಕ ಎಲ್ಲರೂ ಸಿ.ಟಿ.ಗೆ ಹೋಗಬೇಕಾಗುತ್ತಿತ್ತು. ಸಂಭವ ಹೆಚ್ಚಿಲ್ಲದವರಲ್ಲಿ, 50 ದಾಟಿದ ಮೇಲೆ ವಯಸ್ಸಿನ ಹತ್ತುಪಟ್ಟನ್ನು ಗಡಿಯಾಗಿಡಬಹುದೇ ಎಂದು ಯುರೋಪಿನ ನಾಲ್ಕು ದೇಶಗಳ ವೈದ್ಯರು ಮೂರು ಸಾವಿರಕ್ಕೂ ಹೆಚ್ಚು ರೋಗಿಗಳಲ್ಲಿ ಪರೀಕ್ಷಿಸಿ 2014ರಲ್ಲಿ ಪ್ರಕಟಿಸಿದರು. 500ಕ್ಕಿಂತ ಮೇಲಿದ್ದು ವಯಸ್ಸಿನ ಗಡಿಗಿಂತ ಕೆಳಗಿದ್ದವರನ್ನು ಸಿ.ಟಿ. ಇಲ್ಲದೆ, ಹೆಪ್ಪು ತಡೆಯುವ ಔಷಧಿ ಇಲ್ಲದೆ ಬಿಟ್ಟು ಮೂರು ತಿಂಗಳು ಕಾದು ನೋಡಿದರು. ಅಂಥ 331 ಮಂದಿಯಲ್ಲಿ ಹೆಪ್ಪು ಕಾಣಿಸಿಕೊಂಡದ್ದು ಒಬ್ಬರಿಗೆ. 75 ವಯಸ್ಸು ದಾಟಿದವರಲ್ಲಿ ಡಿ-ಡೈಮರ್‌ನಿಂದಲೇ ಅನುಮಾನ ಕಳೆದುಕೊಂಡವರು ಶೇಕಡಾ 6ರಿಂದ ಸುಮಾರು ಶೇಕಡಾ 30ಕ್ಕೆ ಏರಿದರು. ಸಿ.ಟಿ. ಇಲ್ಲದೆ, ಶ್ವಾಸನಾಳ ಹಿಗ್ಗಿಸುವ ಔಷಧಿಯೊಂದಿಗೆ ರೈತರಿಗೆ ಚಿಕಿತ್ಸೆ ಶುರುವಾಗುತ್ತದೆ. ಒಂದು ಕಾಲು ಊದಿದರೆ, ಕಣ್ಣು ಕತ್ತಲೆ ಬಂದು ಬಿದ್ದರೆ, ಕಫದಲ್ಲಿ ರಕ್ತ ಕಂಡರೆ ಕಾಯದೆ ಬರಬೇಕೆಂದು ಮಗನಿಗೆ ತಿಳಿಸುತ್ತಾರೆ.

ಗುಣಾಕಾರಕ್ಕೆ ಮುಂಚೆ ವೈದ್ಯೆ ಇನ್ನೊಂದನ್ನು ನೋಡಿದ್ದರು, ಸಂಖ್ಯೆಯ ಪಕ್ಕದ ಅಳತೆಯ ಹೆಸರನ್ನು. ಡಿ-ಡೈಮರನ್ನು ಎರಡು ಬಗೆಯ ಏಕಮಾನಗಳಲ್ಲಿ ಬರೆಯುತ್ತಾರೆ. ಒಂದು ಎಫ್‌ಇಯು, ಇನ್ನೊಂದು ಡಿಡಿಯು. ಒಂದೇ ರಕ್ತದಲ್ಲಿ ಎಫ್‌ಇಯು ಸಂಖ್ಯೆ ಡಿಡಿಯು ಸಂಖ್ಯೆಯ ಸುಮಾರು ಎರಡರಷ್ಟಿರುತ್ತದೆ. 500ರ ಗಡಿ, ವಯಸ್ಸಿನ ಹತ್ತುಪಟ್ಟು ಎರಡೂ ಎಫ್‌ಇಯು ನ್ಯಾನೋಗ್ರಾಂ ಪ್ರತಿ ಮಿಲಿಲೀಟರಿನ ಲೆಕ್ಕ. ಡಿಡಿಯು ಆಗಿದ್ದರೆ ಗಡಿ ಸುಮಾರು 250, ವಯಸ್ಸಿಗೆ ಐದುಪಟ್ಟು. ನಮ್ಮ ರೈತರ 640 ಎಂಬುದು ಡಿಡಿಯು ಆಗಿದ್ದರೆ ಅವರ ಗಡಿ 360 ಆಗುತ್ತಿತ್ತು, ಸಿ.ಟಿ. ಅನಿವಾರ್ಯವಾಗುತ್ತಿತ್ತು. ಕೆಲವು ಲ್ಯಾಬುಗಳು ಮೈಕ್ರೋಗ್ರಾಂನಲ್ಲಿ 0.64 ಎಂದೂ ಬರೆಯುತ್ತವೆ. ಊರಿನ ಲ್ಯಾಬಿನ ಚೀಟಿಯನ್ನೂ ನಗರದ ಆಸ್ಪತ್ರೆಯ ಚೀಟಿಯನ್ನೂ ಪಕ್ಕಪಕ್ಕ ಇಟ್ಟು, ಮೊನ್ನೆ ಇಷ್ಟಿತ್ತು, ಇವತ್ತು ಎರಡರಷ್ಟಾಗಿದೆ ಎಂದು ಹೆದರುವವರು ಮೊದಲು ಈ ಮೂರಕ್ಷರವನ್ನು ನೋಡಬೇಕು. ಹೆಪ್ಪು ತಡೆಯುವ ಔಷಧಿಯನ್ನು ಈಗಾಗಲೇ ತೆಗೆದುಕೊಳ್ಳುತ್ತಿರುವವರಲ್ಲಿ, ಲಕ್ಷಣ ಶುರುವಾಗಿ ವಾರಗಳೇ ಕಳೆದವರಲ್ಲಿ ಕಾಯಿಲೆ ಇದ್ದರೂ ಸಂಖ್ಯೆ ಕಡಿಮೆ ಬರಬಹುದು ಎಂಬುದೂ ನೆನಪಿರಲಿ.

ಅದೇ ಸಂಜೆ ಇನ್ನೊಬ್ಬರು ಬಂದರು ಎಂದುಕೊಳ್ಳಿ. 45ರ ಹೆಂಗಸು, ಕಾಲಿನ ಮೂಳೆ ಮುರಿದು ಮೂರು ವಾರ ಪ್ಲಾಸ್ಟರ್‌ನಲ್ಲಿದ್ದು ಮಲಗಿದಲ್ಲೇ ಇದ್ದವರು. ಬೆಳಿಗ್ಗೆ ಬಚ್ಚಲಿಗೆ ಹೋಗುವಾಗ ಒಮ್ಮೆಲೇ ಉಸಿರು ಕಟ್ಟಿದೆ. ನಾಡಿ 118. ಪ್ಲಾಸ್ಟರ್‌ನ ಮೇಲೆ ತೊಡೆ ಊದಿದೆ, ಒತ್ತಿದರೆ ನೋವು. 3, 3, 1.5, 1.5 ಕೂಡಿದರೆ 9. ಇಲ್ಲಿ ಡಿ-ಡೈಮರ್ ಮಾತೇ ಇಲ್ಲ. ರಕ್ತಸ್ರಾವದ ಭಯ ಇಲ್ಲವಾದರೆ ಸಿ.ಟಿ.ಗೆ ಕಾಯದೆ ಹೆಪಾರಿನ್ ಶುರುಮಾಡುತ್ತಾರೆ, ಏಕೆಂದರೆ ಮುಂದಿನ ತುಂಡು ಯಾವಾಗ ಕಳಚುತ್ತದೆಂದು ಹೇಳಲಾಗದು. ಆ ಹೊತ್ತಿಗೆ ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ನೋಡುತ್ತಾರೆ. ಸಿ.ಟಿ. ಇಲ್ಲದ ತಾಲ್ಲೂಕು ಆಸ್ಪತ್ರೆಯಲ್ಲೂ ಕೈಕಟ್ಟಿ ಕೂರಬೇಕಿಲ್ಲ. ಅಲ್ಟ್ರಾಸೌಂಡ್ ಕಡ್ಡಿಯಿಂದ ತೊಡೆಸಂದಿಯ ಅಭಿಧಮನಿಯನ್ನು ಒತ್ತಿ ನೋಡಬಹುದು. ಆರೋಗ್ಯವಂತ ಅಭಿಧಮನಿ ಒತ್ತಿದಾಗ ಚಪ್ಪಟೆಯಾಗುತ್ತದೆ, ಒಳಗೆ ಹೆಪ್ಪಿದ್ದರೆ ಆಗುವುದಿಲ್ಲ. ಅಲ್ಲಿ ಹೆಪ್ಪು ಸಿಕ್ಕರೆ ಚಿಕಿತ್ಸೆ ಬಹುಮಟ್ಟಿಗೆ ಅದೇ ಆದ್ದರಿಂದ ತೀರ್ಮಾನಕ್ಕೆ ಸಾಕು. ಸಿಗಲಿಲ್ಲವೆಂದರೆ ಮಾತ್ರ ಶ್ವಾಸಕೋಶದಲ್ಲಿ ಇಲ್ಲವೆಂದು ಹೇಳಲಾಗದು. ಗರ್ಭಿಣಿಯರಲ್ಲಿ, ಮೂತ್ರಪಿಂಡ ಸೋತವರಲ್ಲಿ ಈ ಪರೀಕ್ಷೆಗೆ ಇನ್ನೂ ಹೆಚ್ಚಿನ ಬೆಲೆ. ರಕ್ತದೊತ್ತಡ ಕುಸಿದು ಸಿ.ಟಿ. ಕೋಣೆಗೆ ಒಯ್ಯಲಾಗದ ರೋಗಿಯಲ್ಲಿ ಹಾಸಿಗೆಯ ಪಕ್ಕದಲ್ಲೇ ಎಕೋ ಮಾಡಿ, ಹೃದಯದ ಬಲಗೋಣೆ ಹಿಗ್ಗಿದೆಯೇ ಎಂದು ನೋಡುತ್ತಾರೆ.

ಪಟ್ಟಿಯ ಇನ್ನೊಂದು ತುದಿಯಲ್ಲಿ ಯಾವ ಪರೀಕ್ಷೆಯೂ ಬೇಡದವರಿದ್ದಾರೆ. ವೈದ್ಯರಿಗೆ ಮೊದಲೇ ಅನುಮಾನ ತೀರಾ ಕಡಿಮೆಯಿದ್ದು, ವಯಸ್ಸು 50ರ ಒಳಗೆ, ನಾಡಿ 100ರ ಒಳಗೆ, ಆಮ್ಲಜನಕ 95 ಅಥವಾ ಮೇಲೆ, ಕಫದಲ್ಲಿ ರಕ್ತ ಇಲ್ಲ, ಒಂದೇ ಕಾಲಿನ ಊತ ಇಲ್ಲ, ನಾಲ್ಕು ವಾರಗಳಲ್ಲಿ ಆಪರೇಷನ್ ಅಥವಾ ದೊಡ್ಡ ಪೆಟ್ಟು ಇಲ್ಲ, ಹಿಂದೆ ಹೆಪ್ಪುಗಟ್ಟಿಲ್ಲ, ಗರ್ಭನಿರೋಧಕ ಮಾತ್ರೆಯಂಥ ಈಸ್ಟ್ರೊಜೆನ್ ಔಷಧಿ ಇಲ್ಲ ಎಂದಾದರೆ ಡಿ-ಡೈಮರ್ ಕೂಡ ಬೇಡ. ಅಮೆರಿಕದ ಜೆಫ್ರಿ ಕ್ಲೈನ್ 2004ರಲ್ಲಿ ಮುಂದಿಟ್ಟ ಈ ನಿಯಮ ಪರ್ಕ್ ಎಂದು ಹೆಸರಾಗಿದೆ. ಇಂಥವರ ರಕ್ತ ತೆಗೆದರೆ ಆಗುವುದೇನು? ಸಂಭವ ಶೇಕಡಾ 2 ಇರುವ ಸಾವಿರ ಜನರಿಗೆ ಮೇಲಿನ ಲೆಕ್ಕವನ್ನೇ ಹಾಕಿ ನೋಡಿ: ಆರುನೂರಕ್ಕೂ ಹೆಚ್ಚು ಜನರಿಗೆ ‘ಹೆಚ್ಚು’ ಎಂದು ಬರುತ್ತದೆ, ಅವರಲ್ಲಿ ನಿಜವಾಗಿ ಕಾಯಿಲೆ ಇರುವವರು ಹತ್ತೊಂಬತ್ತೋ ಇಪ್ಪತ್ತೋ. ಉಳಿದವರೆಲ್ಲ ಸಿ.ಟಿ. ಕೋಣೆಯ ಮುಂದೆ.

ಸಿ.ಟಿ.ಯಲ್ಲಾದರೂ ಸತ್ಯ ತಿಳಿದೇಬಿಡುತ್ತದಲ್ಲ ಎನ್ನಬಹುದು. ಅಲ್ಲೂ ಮೊದಲ ಅಂದಾಜು ಬೆನ್ನು ಬಿಡುವುದಿಲ್ಲ. 2006ರಲ್ಲಿ ಪ್ರಕಟವಾದ ಪಯೋಪೆಡ್-2 ಎಂಬ ಅಮೆರಿಕದ ಅಧ್ಯಯನ ಇದನ್ನು ತೋರಿಸಿತು. ಸಂಭವ ಹೆಚ್ಚೆಂದು ಮೊದಲೇ ಎಣಿಸಿದ್ದವರಲ್ಲಿ ಸಿ.ಟಿ. ಹೆಪ್ಪು ತೋರಿಸಿದಾಗ ಅದು ನೂರಕ್ಕೆ 96 ಸಲ ನಿಜ. ಸಂಭವ ಕಡಿಮೆಯೆಂದು ಎಣಿಸಿದ್ದವರಲ್ಲಿ ಅದೇ ಸಿ.ಟಿ. ತೋರಿಸಿದ ಹೆಪ್ಪು ನಿಜವಾಗಿದ್ದದ್ದು 58 ಸಲ ಮಾತ್ರ. ಸಂಭವ ಹೆಚ್ಚಿದ್ದು ಸಿ.ಟಿ. ಏನೂ ಇಲ್ಲವೆಂದಾಗ, ಆ ಉತ್ತರ ಸರಿಯಾಗಿದ್ದದ್ದು 60 ಸಲ. ಅಂದಾಜೂ ಸಿ.ಟಿ.ಯೂ ಒಂದಕ್ಕೊಂದು ಎದುರಾದ ಈ ಗುಂಪುಗಳು ಚಿಕ್ಕವು, ಆಗಿನ ಯಂತ್ರಗಳೂ ಇಂದಿನಷ್ಟು ಸೂಕ್ಷ್ಮವಲ್ಲ. ಹಾಗಾಗಿ ಅಂಕಿಗಳನ್ನು ಅಕ್ಷರಶಃ ಹಿಡಿಯಬೇಕಿಲ್ಲ. ಆದರೆ ಎರಡೂ ಹೊಂದದಿದ್ದಾಗ ಸಿ.ಟಿ.ಯ ಚೀಟಿಯನ್ನೇ ಕೊನೆಯ ಮಾತೆಂದು ಒಪ್ಪದೆ ಇನ್ನೊಮ್ಮೆ ನೋಡಬೇಕು ಎಂಬ ಪಾಠ ಇಂದಿಗೂ ನಿಲ್ಲುತ್ತದೆ. ಕಾಂಟ್ರಾಸ್ಟ್ ತಲುಪುವ ಹೊತ್ತು ಸ್ವಲ್ಪ ತಪ್ಪಿದರೆ, ಏದುಸಿರಿನ ರೋಗಿ ಕೆಲವು ಸೆಕೆಂಡು ಉಸಿರು ಬಿಗಿಹಿಡಿಯಲಾರದೆ ಎದೆ ಅಲ್ಲಾಡಿದರೆ, ನಾಳದಲ್ಲಿ ಇಲ್ಲದ ಕಪ್ಪು ಚುಕ್ಕೆ ಮೂಡುತ್ತದೆ, ಇರುವ ಚುಕ್ಕೆ ಮರೆಯಾಗುತ್ತದೆ.

ಇಂದಿನ ಸೂಕ್ಷ್ಮ ಯಂತ್ರಗಳು ತಂದಿರುವ ಹೊಸ ತೊಡಕು ತೀರಾ ತುದಿಯ ಕವಲಿನಲ್ಲಿ ಕಾಣುವ ಒಂದೇ ಒಂದು ಸಣ್ಣ ಕಲೆ. ಅಲ್ಲಿ ಒಬ್ಬ ರೇಡಿಯಾಲಜಿಸ್ಟ್ ಹೆಪ್ಪು ಎಂದದ್ದನ್ನು ಇನ್ನೊಬ್ಬರು ಚಿತ್ರದ ದೋಷ ಎನ್ನುವುದು ಅಪರೂಪವಲ್ಲ. ಹೆಪ್ಪು ಎಂದು ಬರೆದುಬಿಟ್ಟರೆ ರೋಗಿಗೆ ರಕ್ತ ತೆಳುವಾಗಿಸುವ ಮಾತ್ರೆ ಕನಿಷ್ಠ ಮೂರು ತಿಂಗಳು. ವಯಸ್ಸಾದವರಲ್ಲಿ, ಹೊಟ್ಟೆಯ ಹುಣ್ಣಿರುವವರಲ್ಲಿ ಆ ಮಾತ್ರೆಯಿಂದಲೇ ಜೀವಕ್ಕೆ ಕುತ್ತು ತರುವ ರಕ್ತಸ್ರಾವ ಆಗಬಹುದು. ಮುಂದೆ ಅವರು ಯಾವ ಆಸ್ಪತ್ರೆಗೆ ಹೋದರೂ ‘ಹಿಂದೆ ಹೆಪ್ಪುಗಟ್ಟಿತ್ತು’ ಎಂಬ 1.5 ಅಂಕ ಜೊತೆಗೇ ಹೋಗುತ್ತದೆ, ಮುಂದಿನ ಎದೆನೋವಿನಲ್ಲಿ ಸಿ.ಟಿ.ಯ ದಾರಿ ಇನ್ನೂ ಹತ್ತಿರವಾಗುತ್ತದೆ. ಆದ್ದರಿಂದ ಅನುಮಾನ ಕಡಿಮೆಯಿದ್ದ ರೋಗಿಯಲ್ಲಿ ಇಂಥ ಕಲೆ ಕಂಡಾಗ, ಎದೆಯ ಚಿತ್ರಗಳನ್ನು ಓದಿ ಪಳಗಿದ ಇನ್ನೊಬ್ಬ ರೇಡಿಯಾಲಜಿಸ್ಟ್‌ಗೆ ಅದನ್ನು ತೋರಿಸುತ್ತಾರೆ, ಎರಡೂ ಕಾಲುಗಳಿಗೆ ಅಲ್ಟ್ರಾಸೌಂಡ್ ಮಾಡುತ್ತಾರೆ. ಕಾಲಲ್ಲಿ ಹೆಪ್ಪಿಲ್ಲ, ಕ್ಯಾನ್ಸರ್ ಇಲ್ಲ, ಆಮ್ಲಜನಕ ಸರಿಯಿದೆ, ರೋಗಿ ಓಡಾಡಿಕೊಂಡಿದ್ದಾರೆ ಎಂದಾದರೆ ಕೆಲವರಲ್ಲಿ ಮಾತ್ರೆ ಕೊಡದೆ, ಒಂದು ವಾರದ ನಂತರ ಕಾಲಿನ ಅಲ್ಟ್ರಾಸೌಂಡ್ ಮತ್ತೆ ಮಾಡಿ ಗಮನವಿಟ್ಟು ಕಾಯುವುದೂ ಒಪ್ಪಿತ ದಾರಿಯೇ.